ಕೆನ್ನೆ ಮೂಳೆಯಿಂದ ಹಾಡು ಕೇಳೋದು ಹೇಗೆ? ಬೋನ್ ಕಂಡಕ್ಷನ್ ಹೆಡ್‌ಫೋನ್ ಯಾರಿಗೆ ಬೇಕು, ಯಾರಿಗೆ ಬೇಡ

ಒಂದು ಕಿವಿಯನ್ನು ಬೆರಳಿನಿಂದ ಗಟ್ಟಿಯಾಗಿ ಮುಚ್ಚಿಕೊಳ್ಳಿ. ಬಾಯಿ ತೆರೆಯದೆ 'ಮ್‌‌...' ಅಂತ ಉದ್ದಕ್ಕೆ ದನಿ ಎಳೆಯಿರಿ. ಮುಚ್ಚಿದ ಕಿವಿಯಲ್ಲೇ ದನಿ ಜಾಸ್ತಿ ಕೇಳುತ್ತದೆ, ಅಲ್ವಾ? ಮುಚ್ಚಿದ ಮೇಲೆ ಕಡಿಮೆ ಆಗಬೇಕಿತ್ತು. ಆದರೆ ಆ ದನಿ ಹೊರಗಿನ ಗಾಳಿಯಿಂದ ಬಂದದ್ದಲ್ಲ. ಗಂಟಲಿನ ಕಂಪನ ತಲೆಬುರುಡೆಯ ಮೂಳೆ ಹಿಡಿದುಕೊಂಡು ಒಳಗಿನಿಂದಲೇ ಕಿವಿಗೆ ಬಂತು.

ಬೋನ್ ಕಂಡಕ್ಷನ್ ಹೆಡ್‌ಫೋನ್ ಬಳಸಿಕೊಳ್ಳುವುದು ಇದೇ ದಾರಿಯನ್ನು. ಬೆಳಗ್ಗೆ ಪಾರ್ಕಿನಲ್ಲಿ ಓಡುವವರ ಕಿವಿಯ ಮುಂದೆ, ಕೆನ್ನೆಗೆ ಅಂಟಿದ ಹಾಗೆ ಎರಡು ಪುಟ್ಟ ಬಿಲ್ಲೆ ಕೂತಿರುತ್ತವಲ್ಲ, ಅದೇ. ಕಿವಿಯ ತೂತು ಪೂರ್ತಿ ಖಾಲಿ ಇರುತ್ತದೆ. ಈಗ ಇದು ಎಲ್ಲಾ ಕಡೆ ಮಾರಾಟಕ್ಕಿದೆ, ಜೊತೆಗೆ ತರಹೇವಾರಿ ಮಾತುಗಳೂ ಬರುತ್ತಿವೆ. ಕಿವಿ ಕೇಳದ ಅಪ್ಪ ಅಮ್ಮನಿಗೆ ಇದು ಕೊಡಿಸಿದರೆ ಸಾಕು ಅಂತ ಕೆಲವರು, ಇದರಿಂದ ಕಿವಿಗೆ ಹಾನಿಯೇ ಇಲ್ಲ ಅಂತ ಕೆಲವರು. ಎರಡನ್ನೂ ಹಾಗೆಯೇ ನಂಬಿ ದುಡ್ಡು ಹಾಕಬೇಡಿ. ಶಬ್ದ ಯಾವ ದಾರಿಯಲ್ಲಿ ಹೋಗುತ್ತದೆ, ದಾರಿಯಲ್ಲಿ ಏನನ್ನು ಬಿಟ್ಟು ಮುಂದೆ ಹೋಗುತ್ತದೆ ಅನ್ನೋದು ಗೊತ್ತಾದರೆ ಇದು ಯಾರಿಗೆ ಉಪಯೋಗ ಅಂತ ನೀವೇ ಹೇಳಬಹುದು.

## ಮಾಮೂಲಿ ದಾರಿ

ಶಬ್ದ ಅಂದರೆ ಗಾಳಿಯ ಕಂಪನ. ಅದು ಕಿವಿಯ ತೂತಿನೊಳಗೆ ಹೋಗಿ, ಕೊನೆಯಲ್ಲಿರುವ ತೆಳು ಪೊರೆಗೆ ಬಡಿಯುತ್ತದೆ. ಅದೇ ಕಿವಿ ತಮಟೆ. ತಮಟೆಯ ಹಿಂದೆ ಮೂರು ಪುಟಾಣಿ ಮೂಳೆಗಳು ಒಂದಕ್ಕೊಂದು ಸೇರಿಕೊಂಡಿವೆ. ತಮಟೆ ಅಲುಗಿದರೆ ಅವೂ ಅಲುಗುತ್ತವೆ. ಮೂರನೆಯ ಮೂಳೆ ಒಳಕಿವಿಯ ಒಂದು ಸಣ್ಣ ಕಿಂಡಿಯನ್ನು ತಳ್ಳುತ್ತದೆ. ಆ ಕಿಂಡಿಯ ಆಚೆ ಇರುವುದು ಕಾಕ್ಲಿಯಾ, ಅಂದರೆ ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡ, ದ್ರವ ತುಂಬಿದ ಅಂಗ. ದ್ರವ ಅಲುಗಿದಾಗ ಒಳಗಿನ ಒಂದು ಪೊರೆ ಬಾಗುತ್ತದೆ, ಅದರ ಮೇಲಿನ ಕೂದಲಿನಂಥ ಜೀವಕೋಶಗಳು ಆ ಬಾಗುವಿಕೆಯನ್ನು ನರಕ್ಕೆ ತಿಳಿಸುತ್ತವೆ. ನಾವು 'ಕೇಳಿಸಿತು' ಅನ್ನುವುದು ಆಗಲೇ.

ಮಧ್ಯೆ ತಮಟೆ, ಮೂರು ಮೂಳೆ ಇಷ್ಟೆಲ್ಲಾ ಯಾಕೆ? ಗಾಳಿಯ ಶಬ್ದ ನೇರವಾಗಿ ದ್ರವಕ್ಕೆ ಬಡಿದರೆ ಅದರ ಶಕ್ತಿಯಲ್ಲಿ ಸುಮಾರು ಶೇಕಡಾ 99.9 ಭಾಗ ವಾಪಸ್ ಪುಟಿದುಹೋಗುತ್ತದೆ. ಹೊಳೆಯಲ್ಲಿ ಮುಳುಗಿದಾಗ ದಡದಲ್ಲಿ ನಿಂತವರ ಮಾತು ಕೇಳಿಸದೇ ಇರುವುದು ಇದಕ್ಕೇ. ಈ ತೊಡಕಿಗೆ ಮಧ್ಯಕಿವಿ ಕಂಡುಕೊಂಡ ಉಪಾಯ ಸರಳ. ತಮಟೆಯ ವಿಸ್ತಾರ ಒಳಗಿನ ಕಿಂಡಿಗಿಂತ ಸುಮಾರು 17 ಪಟ್ಟು ದೊಡ್ಡದು. ದೊಡ್ಡ ಜಾಗದ ಮೇಲೆ ಬಿದ್ದ ಬಲವನ್ನು ಚಿಕ್ಕ ಜಾಗಕ್ಕೆ ಒಟ್ಟುಮಾಡಿ ತಳ್ಳಿದರೆ ಒತ್ತಡ ಅಷ್ಟೂ ಪಟ್ಟು ಏರುತ್ತದೆ, ಆ ಮೂಳೆಗಳು ಮೀಟುಗೋಲಿನ ಥರ ಕೆಲಸ ಮಾಡಿ ಅದನ್ನು ಇನ್ನೂ ಸ್ವಲ್ಪ ಹೆಚ್ಚಿಸುತ್ತವೆ. ಹಾಗಾಗಿ ತಮಟೆ ಹರಿದರೆ ಅಥವಾ ಆ ಮೂಳೆಗಳು ಬಿಗಿದುಕೊಂಡರೆ, ಒಳಗಿನ ಕಾಕ್ಲಿಯಾ ಗಟ್ಟಿಮುಟ್ಟಾಗಿದ್ದರೂ ಕಿವಿ ಮಂದವಾಗುತ್ತದೆ.

## ಮೂಳೆಯ ದಾರಿ

ಕಾಕ್ಲಿಯಾ ಇರುವುದು ಮೂಳೆಯ ಒಳಗೆ. ಕಿವಿಯ ಹಿಂದೆ ಮುಟ್ಟಿದರೆ ಗಟ್ಟಿಯಾಗಿ ಸಿಗುತ್ತದಲ್ಲ, ಆ ಮೂಳೆಯಲ್ಲೇ ಇನ್ನೂ ಒಳಕ್ಕೆ ಕೊರೆದಿಟ್ಟ ಹಾಗೆ ಕೂತಿದೆ. ಈಗ ಕಿವಿಯ ಮುಂದೆ, ಕೆನ್ನೆ ಮೂಳೆ ಬಂದು ಸೇರುವ ಜಾಗದಲ್ಲಿ ಕಂಪಿಸುವ ಬಿಲ್ಲೆಯೊಂದನ್ನು ಒತ್ತಿ ಇಟ್ಟರೆ ಬುರುಡೆ ಅಲುಗುತ್ತದೆ. ಬುರುಡೆ ಅಲುಗಿದರೆ ಕಾಕ್ಲಿಯಾ ಕೂಡ ಅಲುಗುತ್ತದೆ.

ಬರೀ ಅಲುಗಿದರೆ ಸಾಲದು, ಒಳಗಿನ ಪೊರೆ ಬಾಗಬೇಕು. ಅದು ಹೇಗೆ? ನೀರು ತುಂಬಿದ ಬಿಂದಿಗೆಯನ್ನು ಸೊಂಟದ ಮೇಲಿಟ್ಟುಕೊಂಡು ಹೆಜ್ಜೆ ಹಾಕುವುದನ್ನು ನೆನಪಿಸಿಕೊಳ್ಳಿ. ಬಿಂದಿಗೆ ಮುಂದೆ ಹೋದಾಗ ಒಳಗಿನ ನೀರು ಒಂದು ಕ್ಷಣ ಹಿಂದೆ ಉಳಿಯುತ್ತದೆ, ಬಿಂದಿಗೆ ನಿಂತಾಗ ನೀರು ಮುಂದೆ ನುಗ್ಗುತ್ತದೆ. ಕಾಕ್ಲಿಯಾದಲ್ಲಿ ಆಗುವುದೂ ಹೀಗೆಯೇ. ಮೂಳೆ ಅತ್ತಿತ್ತ ಅಲುಗುತ್ತದೆ, ದ್ರವ ಅದರ ಜೊತೆಗೇ ಹೋಗದೆ ಹಿಂದೆ ಬೀಳುತ್ತದೆ, ಈ ಎಳೆದಾಟದಲ್ಲಿ ನಡುವಿನ ಪೊರೆ ಬಾಗುತ್ತದೆ. ಮೂಳೆಯಿಂದ ಕೇಳಿಸುವುದಕ್ಕೆ ಇದೇ ದೊಡ್ಡ ಕಾರಣ. ಇದಲ್ಲದೆ ಮಧ್ಯಕಿವಿಯ ಆ ಮೂರು ಮೂಳೆಗಳೂ ಸ್ವಲ್ಪ ಹಿಂದೆ ಬಿದ್ದು ಕಿಂಡಿಯನ್ನು ತಳ್ಳುತ್ತವೆ. ಕಿವಿಯ ನಾಳದ ಗೋಡೆಯೂ ಕಂಪಿಸಿ ನಾಳದೊಳಗಿನ ಗಾಳಿಯಲ್ಲಿ ಒಂದಿಷ್ಟು ಶಬ್ದ ಹುಟ್ಟಿಸುತ್ತದೆ. 'ಮ್‌‌...' ಅಂದಾಗ ಮುಚ್ಚಿದ ಕಿವಿಯಲ್ಲಿ ದನಿ ಜಾಸ್ತಿ ಆಗಿದ್ದು ಇದರಿಂದ. ಸಾಮಾನ್ಯವಾಗಿ ನಾಳದ ಬಾಯಿಂದ ಹೊರಗೆ ಹೋಗಿಬಿಡುತ್ತಿದ್ದ ಶಬ್ದ ಬೆರಳು ಅಡ್ಡ ಬಂದಾಗ ಒಳಗೇ ಸಿಕ್ಕಿಕೊಂಡು ತಮಟೆಗೆ ಬಡಿಯಿತು. ಇದನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಕೆಲಸಕ್ಕೆ ಬರುತ್ತದೆ.

ಎರಡು ದಾರಿಯ ಶಬ್ದವೂ ಕೊನೆಗೆ ಒಂದೇ ಕಡೆ ಸೇರುತ್ತದೆ ಅಂತ ಹೇಗೆ ಗೊತ್ತಾಯಿತು? ಗಿಯೋರ್ಗ್ ಫಾನ್ ಬೇಕೆಶಿ ಎಂಬ ಹಂಗೇರಿಯ ವಿಜ್ಞಾನಿ 1932ರಲ್ಲಿ ತುಂಬ ಜಾಣತನದ ಪ್ರಯೋಗ ಮಾಡಿದರು. ಒಂದೇ ಸ್ವರವನ್ನು ಗಾಳಿಯಿಂದಲೂ ಮೂಳೆಯಿಂದಲೂ ಒಟ್ಟಿಗೆ ಕೇಳಿಸಿ, ಒಂದರ ಅಲೆ ಏರುವಾಗ ಇನ್ನೊಂದರದ್ದು ಇಳಿಯುವಂತೆ ಹೊಂದಿಸಿದರು. ಸ್ವರ ಮಾಯವಾಯಿತು. ಒಳಗೆ ಒಂದೇ ಪೊರೆಯನ್ನು ಎರಡೂ ಅಲುಗಿಸುತ್ತಿದ್ದರೆ ಮಾತ್ರ ಹೀಗೆ ಒಂದು ಇನ್ನೊಂದನ್ನು ಅಳಿಸಿಹಾಕಲು ಸಾಧ್ಯ. ಕಾಕ್ಲಿಯಾ ಕೆಲಸ ಮಾಡುವ ರೀತಿಯನ್ನು ತೋರಿಸಿಕೊಟ್ಟದ್ದಕ್ಕೆ ಅವರಿಗೆ 1961ರಲ್ಲಿ ನೊಬೆಲ್ ಬಂತು.

ಅಂದರೆ ಮೂಳೆಯ ದಾರಿ ಕಿವಿಯ ನಾಳವನ್ನೂ ತಮಟೆಯನ್ನೂ ಬಹುಮಟ್ಟಿಗೆ ಪಕ್ಕಕ್ಕೆ ಬಿಟ್ಟು ಹೋಗುತ್ತದೆ. ಕಾಕ್ಲಿಯಾವನ್ನು ಮಾತ್ರ ತಪ್ಪಿಸಿಕೊಂಡು ಹೋಗಲು ಆಗುವುದಿಲ್ಲ. ಮುಂದಿನದ್ದೆಲ್ಲಾ ಈ ಒಂದು ವಿಷಯದಿಂದಲೇ ಬರುತ್ತದೆ.

## ಕಿವಿ ಮಂದ ಇರುವವರಿಗೆ ಇದು ಆಗುತ್ತಾ?

ಕೆಲವರಿಗೆ ಚೆನ್ನಾಗಿ ಆಗುತ್ತದೆ, ಹೆಚ್ಚಿನವರಿಗೆ ಆಗುವುದಿಲ್ಲ. ನಿಮ್ಮ ಮನೆಯವರು ಯಾವ ಗುಂಪು ಅಂತ ತಿಳಿಯಲು ಒಂದು ಸಾದಾ ಪರೀಕ್ಷೆ ಸಾಕು.

ಆಡಿಯಾಲಜಿಸ್ಟ್ ಹತ್ತಿರ ಹೋದರೆ ಮೊದಲು ತಲೆಗೆ ಹೆಡ್‌ಫೋನ್ ಹಾಕಿ ಬೇರೆ ಬೇರೆ ಸ್ವರ ಕೇಳಿಸುತ್ತಾರೆ. ಎಷ್ಟು ಸಣ್ಣ ದನಿಯವರೆಗೆ ಕೇಳುತ್ತದೆ ಅಂತ ಗುರುತು ಹಾಕಿಕೊಳ್ಳುತ್ತಾರೆ. ಆಮೇಲೆ ಹೆಡ್‌ಫೋನ್ ತೆಗೆದು ಕಿವಿಯ ಹಿಂದಿನ ಮೂಳೆಗೆ ಒಂದು ಪುಟ್ಟ ಚೌಕದ ಕಂಪಕವನ್ನು ಪಟ್ಟಿಯಿಂದ ಒತ್ತಿ ಕೂರಿಸಿ ಅದೇ ಸ್ವರಗಳನ್ನು ಮತ್ತೆ ಕೇಳಿಸುತ್ತಾರೆ. ಮೊದಲನೆಯದು ಗಾಳಿಯ ದಾರಿಯ ಲೆಕ್ಕ, ಎರಡನೆಯದು ಮೂಳೆಯ ದಾರಿಯ ಲೆಕ್ಕ. ಎರಡನ್ನೂ ಒಂದೇ ಹಾಳೆಯಲ್ಲಿ ಬರೆಯುತ್ತಾರೆ, ಅದೇ ಆಡಿಯೋಗ್ರಾಮ್. ಅದರಲ್ಲಿ ಡೆಸಿಬೆಲ್ ಅಂಕಿ ದೊಡ್ಡದಾದಷ್ಟೂ ಕೇಳುವಿಕೆ ಕಡಿಮೆ ಎಂದರ್ಥ.

ಈಗ ಇಬ್ಬರ ಹಾಳೆ ನೋಡೋಣ, ಅರ್ಥವಾಗಲಿ ಅಂತ ನಾನೇ ಹಾಕಿದ ಅಂಕಿಗಳಿವು. ಮೊದಲನೆಯವರಿಗೆ 40 ವರ್ಷ. ಚಿಕ್ಕಂದಿನಿಂದ ಕಿವಿ ಸೋರಿ ಸೋರಿ ತಮಟೆಯಲ್ಲಿ ತೂತಾಗಿದೆ. ಗಾಳಿಯಿಂದ 45, ಮೂಳೆಯಿಂದ 10. ನಡುವೆ 35 ಡೆಸಿಬೆಲ್ ಅಂತರ. ಇದರ ಅರ್ಥ ಏನೆಂದರೆ ಕಾಕ್ಲಿಯಾ ಸರಿಯಾಗಿದೆ, ತೊಂದರೆ ಇರುವುದು ಅದಕ್ಕಿಂತ ಮುಂಚಿನ ದಾರಿಯಲ್ಲಿ. ಎರಡನೆಯವರಿಗೆ 70 ವರ್ಷ. ಗಾಳಿಯಿಂದ 55, ಮೂಳೆಯಿಂದಲೂ 55. ಅಂತರವೇ ಇಲ್ಲ. ಇವರಿಗೆ ಕಾಕ್ಲಿಯಾದ ಜೀವಕೋಶಗಳೇ ಅಥವಾ ನರವೇ ಸವೆದಿದೆ.

ಮೊದಲನೆಯವರಿಗೆ ಬೋನ್ ಕಂಡಕ್ಷನ್ ಹೆಡ್‌ಫೋನ್ ಕೊಟ್ಟರೆ ಮಾಮೂಲಿ ವಾಲ್ಯೂಮಿನಲ್ಲೇ ಫೋನಿನ ಮಾತು ಸ್ಪಷ್ಟವಾಗಿ ಕೇಳುತ್ತದೆ. ಸೋರುವ ಕಿವಿಗೆ ಇಯರ್‌ಬಡ್ ತುರುಕಿದರೆ ಒಳಗೆ ತೇವ ನಿಂತು ಸೋರುವುದು ಹೆಚ್ಚಾಗುತ್ತದೆ, ಇಲ್ಲಿ ಆ ಕಾಟವೂ ಇಲ್ಲ. ಹಾಗಂತ ಸೋರುವ ಕಿವಿಯನ್ನು ಇಎನ್‌ಟಿ ಡಾಕ್ಟರಿಗೆ ತೋರಿಸದೆ ಬಿಡಬೇಡಿ. ಎರಡನೆಯವರಿಗೆ ಮೂಳೆಯ ದಾರಿಯಲ್ಲಿ ಹೋದ ಶಬ್ದವೂ ಸವೆದ ಕಾಕ್ಲಿಯಾಕ್ಕೇ ಹೋಗಬೇಕು. ಲಾಭ ಏನೂ ಇಲ್ಲ. ವಯಸ್ಸಾಗಿ ಕಿವಿ ಮಂದವಾದವರಲ್ಲಿ ಬಹುಪಾಲು ಜನರದ್ದು ಈ ಎರಡನೆಯ ಥರದ ತೊಂದರೆ. ಅದಕ್ಕೇ ಹೇಳಿದ್ದು, ಅಮ್ಮನಿಗೆ ಅಂತ ಆರ್ಡರ್ ಮಾಡುವ ಮೊದಲು ಆಡಿಯೋಗ್ರಾಮ್ ಮಾಡಿಸಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಈ ಪರೀಕ್ಷೆ ದಿನನಿತ್ಯದ ಕೆಲಸ.

ಇನ್ನೊಂದು ಗೊಂದಲವನ್ನೂ ಇಲ್ಲೇ ಬಿಡಿಸಿಬಿಡೋಣ. ಹೆಡ್‌ಫೋನ್ ಅಂದರೆ ಹಿಯರಿಂಗ್ ಏಡ್ ಅಲ್ಲ. ಫೋನಿನಲ್ಲಿ ಏನು ಓಡುತ್ತಿದೆಯೋ ಅದನ್ನಷ್ಟೇ ಅದು ಕೇಳಿಸುತ್ತದೆ. ಅದರಲ್ಲಿರುವ ಮೈಕ್ ಕರೆಯಲ್ಲಿ ನೀವು ಮಾತಾಡಲಿ ಅಂತ ಇರುವುದು, ಎದುರು ಕೂತು ಮಗಳು ಆಡುವ ಮಾತನ್ನು ಹಿಡಿದು ನಿಮಗೆ ದೊಡ್ಡದು ಮಾಡಿ ಕೇಳಿಸಲು ಅಲ್ಲ. ಅದಕ್ಕೆ ಮೂಳೆಯ ದಾರಿಯ ಹಿಯರಿಂಗ್ ಏಡ್‌ಗಳು ಬೇರೆಯೇ ಇವೆ. ಹುಟ್ಟುವಾಗಲೇ ಕಿವಿಯ ನಾಳ ಮುಚ್ಚಿಕೊಂಡಿರುವ ಮಗುವಿಗೆ ಮೆತ್ತನೆಯ ತಲೆಪಟ್ಟಿಯಲ್ಲಿ ಅದನ್ನು ಕಟ್ಟುತ್ತಾರೆ. ದೊಡ್ಡವರಿಗೆ ಕಿವಿಯ ಹಿಂದಿನ ಮೂಳೆಗೆ ಸಣ್ಣ ಟೈಟಾನಿಯಂ ತಿರುಪು ಕೂರಿಸಿ ಅದಕ್ಕೆ ಯಂತ್ರ ಸಿಕ್ಕಿಸುವ ವಿಧಾನವಿದೆ. ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ 1977ರಲ್ಲಿ ಮೊದಲು ಮಾಡಿದ್ದು. ತಿರುಪು ಯಾಕೆ ಅಂದರೆ, ಚರ್ಮ ಮತ್ತು ಅದರ ಕೆಳಗಿನ ಮಾಂಸ ಕಂಪನವನ್ನು ಮೆತ್ತಗೆ ನುಂಗಿಬಿಡುತ್ತವೆ, ಅದರಲ್ಲೂ ತಾರಸ್ವರಗಳನ್ನು. ತಿರುಪಿನಿಂದ ಕಂಪನ ನೇರ ಮೂಳೆಗೇ ಹೋಗುತ್ತದೆ.

## ಕಿವಿ ಚೆನ್ನಾಗಿದ್ದೂ ಇದು ಬೇಕಾಗುವವರು

ಇವರಿಗೆ ಬೇಕಾಗಿರುವುದು ತೆರೆದ ಕಿವಿ. ನನ್ನ ಪ್ರಕಾರ ಇದರ ಬೆಲೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿರುವುದು ಕಣ್ಣು ಕಾಣದವರಿಗೆ. ರಸ್ತೆ ದಾಟುವಾಗ ಆಟೋ ಯಾವ ಕಡೆಯಿಂದ ಬರುತ್ತಿದೆ, ಎಷ್ಟು ಹತ್ತಿರ ಬಂತು, ಪಕ್ಕದಲ್ಲಿ ಗೋಡೆ ಇದೆಯೋ ಓಣಿ ತೆರೆದುಕೊಂಡಿದೆಯೋ, ಎಲ್ಲವನ್ನೂ ಅವರು ಕಿವಿಯಿಂದಲೇ ತಿಳಿಯುತ್ತಾರೆ. ಫೋನು 'ಮುಂದೆ ಎಡಕ್ಕೆ' ಅಂತ ದಾರಿ ಹೇಳುವುದೂ ಕಿವಿಗೇ. ಇಯರ್‌ಬಡ್ ಹಾಕಿದರೆ ರಸ್ತೆ ಕೇಳಿಸುವುದಿಲ್ಲ, ತೆಗೆದರೆ ದಾರಿ ಕೇಳಿಸುವುದಿಲ್ಲ. ಕೆನ್ನೆ ಮೂಳೆಯಿಂದ ದಾರಿ, ತೆರೆದ ಕಿವಿಯಿಂದ ರಸ್ತೆ ಅಂದರೆ ಎರಡೂ ಸಿಗುತ್ತದೆ. ರಸ್ತೆ ಬದಿಯಲ್ಲಿ ಓಡುವವರಿಗೂ, ಮನೆಯಲ್ಲಿ ಕುಕ್ಕರ್ ಕೂಗು, ಮಗುವಿನ ಅಳು ಕೇಳಿಸಿಕೊಳ್ಳುತ್ತಲೇ ಏನಾದರೂ ಕೇಳಬೇಕು ಅನ್ನುವವರಿಗೂ ಇದೇ ಅನುಕೂಲ.

ಒಂದೇ ಕಿವಿ ಕೇಳುವವರಿಗೂ ಇದು ಕೆಲಸಕ್ಕೆ ಬರುತ್ತದೆ. ಬುರುಡೆ ಒಂದೇ ತುಂಡಿನಂತೆ ಅಲುಗುವುದರಿಂದ ಎಡಗಡೆ ಕೊಟ್ಟ ಕಂಪನ ಬಲಗಡೆಯ ಕಾಕ್ಲಿಯಾಕ್ಕೂ ಹೆಚ್ಚು ಸೊರಗದೆ ತಲುಪುತ್ತದೆ. ಹಾಗಾಗಿ ಕೇಳದ ಕಡೆಗೆ ಹೋದ ಶಬ್ದವೂ ಕೇಳುವ ಕಿವಿಗೇ ಬರುತ್ತದೆ. (ಬರೀ ಇದಕ್ಕೋಸ್ಕರ ಅಂದರೆ ಫೋನಿನ ಸೆಟ್ಟಿಂಗ್‌ನಲ್ಲಿ ಎಡ ಬಲದ ಶಬ್ದವನ್ನು ಒಂದೇ ಮಾಡಿ ಕೇಳಿಸುವ ಮೊನೊ ಆಡಿಯೊ ಆನ್ ಮಾಡಿದರೂ ಸಾಕು, ಖರ್ಚಿಲ್ಲ.)

ಈಜುವವರಿಗೂ ಮೂಳೆಯ ದಾರಿ ಒಗ್ಗುತ್ತದೆ, ಕಿವಿಯಲ್ಲಿ ನೀರು ತುಂಬಿದರೂ ಕೇಳುತ್ತದೆ. ಆದರೆ ಬ್ಲೂಟೂತ್ ಅಲೆಗಳನ್ನು ನೀರು ಹೀರಿಕೊಳ್ಳುವುದರಿಂದ, ದಡದಲ್ಲಿಟ್ಟ ಫೋನಿನಿಂದ ಹಾಡು ಬರುವುದಿಲ್ಲ. ಹಾಡನ್ನು ಹೆಡ್‌ಫೋನಿನ ಒಳಗೇ ತುಂಬಿಕೊಳ್ಳುವ ಮಾಡೆಲ್ ಬೇಕು.

## ಬಿಟ್ಟುಕೊಡಬೇಕಾದದ್ದು

ಮೊದಲು ಹೋಗುವುದು ಬೇಸ್. ಬಿಲ್ಲೆಯೊಳಗೆ ಒಂದು ಅಯಸ್ಕಾಂತ, ಒಂದು ತಂತಿಸುರುಳಿ, ಸ್ಪ್ರಿಂಗಿನ ಮೇಲೆ ತೂಗುವ ಪುಟ್ಟ ತೂಕ ಇರುತ್ತದೆ. ಆ ತೂಕ ಅತ್ತಿತ್ತ ಓಡಾಡುವಾಗ ಬಿಲ್ಲೆ ಅದರ ವಿರುದ್ಧ ದಿಕ್ಕಿಗೆ ಕೆನ್ನೆಯನ್ನು ತಳ್ಳುತ್ತದೆ. ಸ್ವರ ತಗ್ಗಿದಷ್ಟೂ, ಅದೇ ಬಲಕ್ಕೆ ತೂಕ ಹೆಚ್ಚು ದೂರ ಓಡಾಡಬೇಕು. 1000 ಹರ್ಟ್ಸ್‌ನ ಸ್ವರಕ್ಕೆ ಬೇಕಾದಷ್ಟೇ ಬಲವನ್ನು 100 ಹರ್ಟ್ಸ್‌ನಲ್ಲಿ ಕೊಡಬೇಕೆಂದರೆ ಓಡಾಟದ ದೂರ 100 ಪಟ್ಟು ಆಗಬೇಕು. ಅವರೆಕಾಳಿಗಿಂತ ಸ್ವಲ್ಪ ದೊಡ್ಡ ಡಬ್ಬಿಯೊಳಗೆ ಅಷ್ಟು ಜಾಗ ಎಲ್ಲಿಂದ ಬರಬೇಕು? ಹಾಗಾಗಿ ಮಾತು, ಕೊಳಲು, ಹಾಡುವವರ ಕಂಠ ಚೆನ್ನಾಗಿಯೇ ಬರುತ್ತದೆ, ಡೊಳ್ಳಿನ ಗುಮ್ಮೆನ್ನುವ ಪೆಟ್ಟು ತೆಳ್ಳಗಾಗುತ್ತದೆ. ವಾಲ್ಯೂಮ್ ಏರಿಸಿ ಬೇಸ್ ತರಿಸಲು ಹೋದರೆ ಕೆನ್ನೆಯ ಚರ್ಮ ಕಚಗುಳಿ ಇಟ್ಟ ಹಾಗೆ ಜುಮ್ಮೆನ್ನುತ್ತದೆ, ಕೇಳುವುದಕ್ಕಿಂತ ಮುಟ್ಟಿಸಿಕೊಂಡದ್ದೇ ಜಾಸ್ತಿ ಆಗುತ್ತದೆ. ಈ ಮಿತಿಯನ್ನು ತಯಾರಕರೂ ಒಪ್ಪಿಕೊಂಡಿದ್ದಾರೆ. ಈ ಹೆಡ್‌ಫೋನ್‌ಗಳಿಗೆ ಹೆಸರಾದ ಶಾಕ್ಸ್ ಕಂಪನಿ 2024ರಲ್ಲಿ ತಂದ ಓಪನ್‌ರನ್ ಪ್ರೊ 2 ಮಾಡೆಲ್‌ನಲ್ಲಿ ಬೇಸ್‌ಗೆ ಗಾಳಿಯ ದಾರಿಯ ಸ್ಪೀಕರ್ ಸೇರಿಸಿದೆ, ಮೇಲಿನ ಸ್ವರಗಳನ್ನು ಮೂಳೆಗೆ ಬಿಟ್ಟಿದೆ.

ಎರಡನೆಯದು ಎಡ ಬಲದ ಬೇರ್ಪಾಡು. ಒಂದು ಕಿವಿಯವರಿಗೆ ವರವಾಗಿದ್ದ ಗುಣವೇ ಇಲ್ಲಿ ತೊಡಕು. ಎಡದ ಕಂಪನ ಬಲಕ್ಕೂ ಹೋಗುವುದರಿಂದ ವೀಣೆ ಈ ಕಡೆ, ಮೃದಂಗ ಆ ಕಡೆ ಅನ್ನುವ ಹರವು ಕುಗ್ಗುತ್ತದೆ. ಪೂರ್ತಿ ಹೋಗುವುದಿಲ್ಲ, ಆದರೆ ಒಳ್ಳೆ ಹೆಡ್‌ಫೋನಿನಲ್ಲಿ ಕಚೇರಿ ಕೇಳಿ ಅಭ್ಯಾಸ ಇರುವವರಿಗೆ ಕೂಡಲೇ ಗೊತ್ತಾಗುತ್ತದೆ.

ಮೂರನೆಯದು ನನಗೆ ನಿಜಕ್ಕೂ ಚಿಂತೆ ತರುವ ವಿಷಯ. ತೆರೆದ ಕಿವಿ ಅಂದರೆ ಗಲಾಟೆಗೂ ತೆರೆದ ಕಿವಿ. ಬಸ್ಸಿನಲ್ಲಿ, ಟ್ರಾಫಿಕ್ ಪಕ್ಕದಲ್ಲಿ ಹೊರಗಿನ ಸದ್ದು ಹಾಡನ್ನು ನುಂಗಿಹಾಕುತ್ತದೆ. ಆಗ ಕೈ ತಾನಾಗಿಯೇ ವಾಲ್ಯೂಮ್ ಗುಂಡಿಗೆ ಹೋಗುತ್ತದೆ. ಕಿವಿಯೊಳಗೆ ಏನೂ ಹಾಕಿಲ್ಲ, ತಮಟೆಗೆ ಪೆಟ್ಟಿಲ್ಲ, ಎಷ್ಟು ಜೋರಿಟ್ಟರೂ ಪರವಾಗಿಲ್ಲ ಅಂತ ನಂಬಿದವರಿದ್ದಾರೆ. ಜೋರು ಶಬ್ದದಿಂದ ಹಾಳಾಗುವುದು ತಮಟೆಗಿಂತ ಹೆಚ್ಚಾಗಿ ಕಾಕ್ಲಿಯಾದ ಆ ಕೂದಲಿನಂಥ ಜೀವಕೋಶಗಳು. ಅಲ್ಲಿಗೆ ಮೂಳೆಯ ಶಬ್ದವೂ ಹೋಗುತ್ತದೆ, ಟ್ರಾಫಿಕ್ಕಿನದ್ದೂ ಹೋಗುತ್ತದೆ. ಸತ್ತ ಕೋಶ ಮತ್ತೆ ಹುಟ್ಟುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ 80 ಡೆಸಿಬೆಲ್ ಆದರೆ ವಾರಕ್ಕೆ 40 ಗಂಟೆ, 90 ಆದರೆ ಬರೀ 4 ಗಂಟೆ. ಮೂಳೆಯ ದಾರಿಗೆ ಇದರಲ್ಲಿ ರಿಯಾಯಿತಿ ಇಲ್ಲ. ಫೋನು ತೋರಿಸುವ ಡೆಸಿಬೆಲ್ ಅಂಕಿ ಗಾಳಿಯ ಶಬ್ದದ ಲೆಕ್ಕದ್ದು, ಅದನ್ನು ಇಲ್ಲಿ ನೆಚ್ಚಿಕೊಳ್ಳಬೇಡಿ. ಗದ್ದಲದ ಜಾಗದಲ್ಲಿ ಕೂತೇ ಕೇಳಬೇಕೆಂದರೆ, ಉದಾಹರಣೆಗೆ ರಾತ್ರಿ ರೈಲಿನಲ್ಲಿ, ಮೆತ್ತನೆಯ ಫೋಮ್ ಇಯರ್‌ಪ್ಲಗ್ ಹಾಕಿಕೊಂಡು ವಾಲ್ಯೂಮ್ ಇಳಿಸಿ. ಗಲಾಟೆ ಕಡಿಮೆ ಆಗುತ್ತದೆ, ಬೆರಳಿಟ್ಟಾಗ ಆದಂತೆ ಬೇಸ್ ಕೂಡ ತುಂಬಿಕೊಳ್ಳುತ್ತದೆ. ರಸ್ತೆಯಲ್ಲಿ ಮಾತ್ರ ಹಾಗೆ ಮಾಡಬೇಡಿ, ಕಿವಿ ತೆರೆದಿರಲಿ ಅಂತ ತಾನೇ ಇದನ್ನು ಕೊಂಡದ್ದು.

ಇನ್ನು ಸಣ್ಣಪುಟ್ಟವು. ಶಬ್ದ ಸ್ವಲ್ಪ ಹೊರಗೂ ಸೋರುತ್ತದೆ, ನಿಶ್ಶಬ್ದದ ಕೋಣೆಯಲ್ಲಿ ಪಕ್ಕದವರಿಗೆ ಕೇಳಿಸಬಹುದು. ಬಿಲ್ಲೆ ಕೆನ್ನೆಗೆ ಒತ್ತಿಕೊಂಡೇ ಇರಬೇಕಾದ್ದರಿಂದ ಕೆಲವರಿಗೆ ಒಂದೆರಡು ಗಂಟೆಯಲ್ಲಿ ನೋವು ಬರುತ್ತದೆ. ಕನ್ನಡಕದ ಕಡ್ಡಿಯೂ ಹೆಡ್‌ಫೋನಿನ ಕೊಕ್ಕೆಯೂ ಕಿವಿಯ ಮೇಲೆ ಒಂದೇ ಜಾಗಕ್ಕೆ ಜಗಳವಾಡುತ್ತವೆ. ಅಂಗಡಿಯಲ್ಲಿ ಹಾಕಿ ನೋಡುವುದಾದರೆ ಕನ್ನಡಕ ಹಾಕಿಕೊಂಡೇ ನೋಡಿ.

## ಕೈಗೆ ಬಂದದ್ದು ಅಸಲಿಯೇ?

ಅಗ್ಗದ ದರಕ್ಕೆ 'ಬೋನ್ ಕಂಡಕ್ಷನ್' ಅಂತ ಬರೆದು ಮಾರುವ ಎಷ್ಟೋ ಹೆಡ್‌ಫೋನ್‌ಗಳಲ್ಲಿ ಇರುವುದು ಕಿವಿಯ ಮುಂದೆ ತೂಗುವ ಪುಟ್ಟ ಸ್ಪೀಕರ್ ಅಷ್ಟೇ. ನೋಡುವುದಕ್ಕೆ ಒಂದೇ ಥರ. ಕಿವಿ ತೆರೆದಿದ್ದರೆ ಸಾಕು ಅನ್ನುವವರಿಗೆ ಅದರಿಂದ ದೊಡ್ಡ ನಷ್ಟವಿಲ್ಲ, ಆದರೆ ತಮಟೆ ತೂತಾದವರಿಗೆ ಅದರಿಂದ ಪ್ರಯೋಜನವಿಲ್ಲ, ಶಬ್ದ ಮತ್ತೆ ಅದೇ ಕೆಟ್ಟ ದಾರಿಯಲ್ಲೇ ಹೋಗಬೇಕು.

ಕಂಡುಹಿಡಿಯುವುದು ಸುಲಭ. ಒಬ್ಬರೇ ಮಾತಾಡುವ ಯಾವುದಾದರೂ ಆಡಿಯೊ ಹಾಕಿ, ವಾಲ್ಯೂಮ್ ಮಧ್ಯದಲ್ಲಿಡಿ, ಹೆಡ್‌ಫೋನ್ ಹಾಕಿಕೊಂಡು ಎರಡೂ ಕಿವಿಯ ತೂತನ್ನು ಬೆರಳಿನಿಂದ ಬಿಗಿಯಾಗಿ ಮುಚ್ಚಿ. ಬಿಲ್ಲೆಯನ್ನು ಬೆರಳು ತಾಕಬಾರದು. ದನಿ ಉಳಿದು ಇನ್ನಷ್ಟು ದಪ್ಪಗಾದರೆ, ತಲೆಯ ನಡುವಿನಿಂದ ಬಂದ ಹಾಗೆ ಅನಿಸಿದರೆ ಅದು ಮೂಳೆಯಿಂದಲೇ ಬರುತ್ತಿದೆ. ದನಿ ಸಟ್ಟನೆ ಕುಗ್ಗಿ ದೂರ ಹೋದರೆ ನಿಮ್ಮ ಕೈಗೆ ಬಂದದ್ದು ಸ್ಪೀಕರ್. ವಾಪಸ್ ಕಳಿಸುವ ಅವಧಿ ಮುಗಿಯುವುದರೊಳಗೆ ಪರೀಕ್ಷೆ ಮಾಡಿಕೊಳ್ಳಿ.